ಗೋಡಂಬಿ: ಬಿಡಿ 980, ಪ್ಯಾಕೆಟ್ 1,090, ಮಂಡಿಪೇಟೆ '240' 1,120. ಇದರಲ್ಲಿ ನಿಜಕ್ಕೂ ಅಗ್ಗ ಯಾವುದು?

ನಿಟುವಳ್ಳಿ ಅಕ್ಕ
ಎಲ್ಲರಿಗೂ ನಮಸ್ಕಾರ. ಮಗಳ ಬಾಣಂತನ ಇದೆ. ಅಂಟಿನುಂಡೆಗೆ ಒಂದು ಕೆಜಿ ಗೋಡಂಬಿ ಬೇಕು, ತೊಟ್ಟಿಲ ಕಾರ್ಯದ ದಿನ ತಟ್ಟೆಗೆ ಇಡಲು ಇನ್ನೊಂದು ಕೆಜಿ. ಜೊತೆಗೆ ಬಾದಾಮಿ, ಒಣದ್ರಾಕ್ಷಿ, ಉತ್ತತ್ತಿ. ಪಟ್ಟಿ ಹಿಡಿದು ದಾವಣಗೆರೆಯಲ್ಲಿ ನಾಲ್ಕು ಕಡೆ ವಿಚಾರಿಸಿದೆ. ಗೋಡಂಬಿ ದರ ಹೀಗಿದೆ.

ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಬಿಡಿ, "ಎರಡು ನಲವತ್ತು" ಅಂದರು, ಕೆಜಿಗೆ 1,120. ಅದೇ ಬೀದಿಯ ಇನ್ನೊಂದು ಅಂಗಡಿಯಲ್ಲಿ "ಜಂಬೋ", 980. ಸೂಪರ್ ಮಾರ್ಕೆಟ್‌ನಲ್ಲಿ ಅರ್ಧ ಕೆಜಿ ಪ್ಯಾಕೆಟ್, ಎಂಆರ್‌ಪಿ 640, ಆಫರ್‌ನಲ್ಲಿ 545. ನಮ್ಮ ಮನೆ ಹತ್ತಿರದ ಅಂಗಡಿಯಲ್ಲಿ 200 ಗ್ರಾಂ ಪ್ಯಾಕೆಟ್ 250.

ಕೆಜಿ ಲೆಕ್ಕಕ್ಕೆ ತಂದರೆ 1,120, 980, 1,090, 1,250. ಹಾಗಾದರೆ 980ರದ್ದೇ ತಗೊಳ್ಳಬೇಕು ಅಲ್ವಾ? ಆದರೆ ನಾಲ್ಕೂ ಒಂದೇ ಮಾಲಲ್ಲ ಅಂತ ಮನಸ್ಸು ಹೇಳುತ್ತಿದೆ. ಹೇಗೆ ಹೋಲಿಸಬೇಕು ಅಂತ ಗೊತ್ತಿರುವವರು ಹೇಳಿ.

ಹರಿಹರ ಸೇತುವೆ
980ಕ್ಕೆ ಸಿಗುತ್ತಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ ಅಕ್ಕ. ಗೋಡಂಬಿ ಗೋಡಂಬಿನೇ. ಉಂಡೆ ಒಳಗೆ ಹೋದ ಮೇಲೆ ಯಾರಿಗೆ ಗೊತ್ತಾಗುತ್ತೆ?

ವಿದ್ಯಾನಗರ ಮೇಷ್ಟ್ರು
ಕಣ್ಣು ಮುಚ್ಚಿ ತಗೊಳ್ಳಬೇಡಿ. ಗೋಡಂಬಿಗೆ ಗ್ರೇಡ್ ಇರುತ್ತೆ. 180, 210, 240, 320, 450 ಹೀಗೆ. ಸಂಖ್ಯೆ ಜಾಸ್ತಿ ಆದಷ್ಟೂ ಒಳ್ಳೆ ಗ್ರೇಡ್. 320 ಕೇಳಿ ತಗೊಳ್ಳಿ, 240ಕ್ಕಿಂತ ಅದು ಮೇಲು.

ಹಳೇಪೇಟೆ ತಕ್ಕಡಿ
ಮೇಷ್ಟ್ರೇ, ಗ್ರೇಡ್ ಇರುತ್ತೆ ಅನ್ನೋದು ಸರಿ, ದಿಕ್ಕು ಮಾತ್ರ ಉಲ್ಟಾ ಆಯಿತು. ಆ ಸಂಖ್ಯೆ ಒಂದು ಪೌಂಡಿಗೆ ಎಷ್ಟು ಇಡೀ ಬೀಜ ಬರುತ್ತೆ ಅನ್ನೋದು. ಪೌಂಡ್ ಅಂದರೆ 454 ಗ್ರಾಂ. 180ರ ಗ್ರೇಡಲ್ಲಿ ಪೌಂಡಿಗೆ 180ರ ಒಳಗೆ ಬೀಜ, ಅಂದರೆ ಒಂದೊಂದೂ ದಪ್ಪ. 320 ಅಂದರೆ 300ರಿಂದ 320 ಬೀಜ, ಚಿಕ್ಕವು. ಸಂಖ್ಯೆ ಕಡಿಮೆ ಆದಷ್ಟು ಬೀಜ ದೊಡ್ಡದು, ದರ ಜಾಸ್ತಿ.

ನಾನು ಹಿಂದೆ ಡ್ರೈ ಫ್ರೂಟ್ ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಅಂಗಡಿಯವರು ಬಾಯಲ್ಲಿ ಏನೇ ಹೇಳಲಿ, ಮನೆಯಲ್ಲೇ ಪರೀಕ್ಷೆ ಮಾಡಬಹುದು. ಅಡುಗೆಮನೆ ತಕ್ಕಡಿ ಇದ್ದರೆ ಸಾಕು.

100 ಗ್ರಾಂ ತೂಗಿ. ಮುರಿದದ್ದು, ಹೋಳು, ಚೂರು ಎಲ್ಲ ಪಕ್ಕಕ್ಕಿಡಿ. ಉಳಿದ ಇಡೀ ಬೀಜಗಳನ್ನು ಇನ್ನೊಮ್ಮೆ ತೂಗಿ, ಆಮೇಲೆ ಎಣಿಸಿ. 240ರ ಮಾಲಾದರೆ 100 ಗ್ರಾಂ ಇಡೀ ಬೀಜಕ್ಕೆ 48ರಿಂದ 53 ಬರಬೇಕು. 320 ಆದರೆ 66ರಿಂದ 71. 180 ಆದರೆ 40ರ ಒಳಗೆ. 450 ಆದರೆ 90ರ ಆಸುಪಾಸು ಅಥವಾ ಇನ್ನೂ ಮೇಲೆ. ಇಷ್ಟೇ.

"ಜಂಬೋ" ಅನ್ನೋ ಮಾತಿಗೆ ಬೆಲೆ ಕೊಡಬೇಡಿ. ಮಂಡಿಯಲ್ಲಿ 210ಕ್ಕೆ ಜಂಬೋ ಅನ್ನುವ ರೂಢಿ ಇದೆ. ಆದರೆ ಚಿಲ್ಲರೆ ಅಂಗಡಿಯಲ್ಲಿ ಯಾವ ಬೀಜಕ್ಕೆ ಬೇಕಾದರೂ ಜಂಬೋ ಅಂತಾರೆ. 980ಕ್ಕೆ 210 ಸಿಗುವ ಮಾತೇ ಇಲ್ಲ, ಪಕ್ಕದ ಅಂಗಡಿಯಲ್ಲಿ 240ಕ್ಕೇ 1,120 ಇರುವಾಗ.

ವಿದ್ಯಾನಗರ ಮೇಷ್ಟ್ರು
ಪೌಂಡಿನ ಲೆಕ್ಕ ಅಂತ ತಿಳಿದಿರಲಿಲ್ಲ, ಧನ್ಯವಾದ. ಹಾಗಾದರೆ 180 ತಿಂದರೆ ರುಚಿಯೂ ಜಾಸ್ತಿ ಇರಬೇಕಲ್ಲ? ದರ ಅಷ್ಟು ಮೇಲಿದೆ.

ಹಳೇಪೇಟೆ ತಕ್ಕಡಿ
ಇಲ್ಲ ಸರ್. ದರ ಗಾತ್ರಕ್ಕೆ, ರುಚಿಗಲ್ಲ. ದೊಡ್ಡ ಬೀಜ ಮುರಿಯದೆ ಹೊರಗೆ ಬರೋದು ಕಡಿಮೆ, ಅದಕ್ಕೇ ದುಬಾರಿ. ಹೊಸ ಮಾಲಿನ 320, ಹಳೇ ಮಾಲಿನ 180 ಎರಡನ್ನೂ ತಿಂದು ನೋಡಿ. 320 ಗೆಲ್ಲುತ್ತೆ.

ಕೋಟೆ ಊರಿನವಳು
ನಮ್ಮ ಚಿತ್ರದುರ್ಗದಲ್ಲೂ ಇದೇ ಕಥೆ. ಒಂದು ವಿಷಯ ಸೇರಿಸುತ್ತೇನೆ. ಸಂಖ್ಯೆ ಮಾತ್ರ ಕೇಳಿದರೆ ಸಾಲದು, ಅದರ ಮುಂದಿನ ಅಕ್ಷರವನ್ನೂ ಕೇಳಿ. ಡಬ್ಲ್ಯೂ-240 ಅಂದರೆ ಬಿಳಿ ಇಡೀ ಬೀಜ. ಎಸ್‌ಡಬ್ಲ್ಯೂ-240 ಅಂತಲೂ ಇದೆ. ಅದು ಹುರಿಯುವಾಗ ಕಾವು ಜಾಸ್ತಿಯಾಗಿ ಸ್ವಲ್ಪ ಕೆಂಪಗಾದ, ಹಳದಿ ತಿರುಗಿದ ಬೀಜ. ಗಾತ್ರ ಅಷ್ಟೇ ಇರುತ್ತೆ, ದರ ಕಡಿಮೆ ಇರಬೇಕು. ನಮ್ಮ ಅತ್ತಿಗೆಗೆ ಒಬ್ಬರು "240" ಅಂತ ಬಿಳಿಯದರ ದರಕ್ಕೇ ಇದನ್ನು ಕೊಟ್ಟಿದ್ದರು. ಎಣಿಸಿದರೆ ಲೆಕ್ಕ ಸರಿ ಬರುತ್ತೆ, ಬಣ್ಣ ನೋಡಿದಾಗ ಗೊತ್ತಾಗೋದು.

ಹಳೇಪೇಟೆ ತಕ್ಕಡಿ
ಸರಿಯಾಗಿ ಹೇಳಿದಿರಿ ತಂಗಿ. ತಿನ್ನೋಕೆ ಅದು ಕೆಟ್ಟದ್ದಲ್ಲ. ಬಿಳಿಯದರ ದರಕ್ಕೆ ತಗೊಳ್ಳಬಾರದು ಅಷ್ಟೇ. ಅಂಗಡಿಯ ಹಳದಿ ಬಲ್ಬಿನ ಕೆಳಗೆ ನೋಡಬೇಡಿ, ಬಾಗಿಲ ಹತ್ತಿರ ಬೆಳಕಿಗೆ ಹಿಡಿದು ನೋಡಿ.

ದೋಸೆ ಪ್ರಿಯ
ಗೋಡಂಬಿಗೆ ಹುಳ ಬೀಳದ ಹಾಗೆ ಇಡೋದು ಹೇಗೆ ಅಂತ ಕೇಳುತ್ತಿದ್ದೀರಾ? ನಮ್ಮ ಮನೆಯಲ್ಲಿ ಡಬ್ಬದಲ್ಲಿ ನಾಲ್ಕು ಲವಂಗ ಹಾಕಿಡುತ್ತೇವೆ.

ನಿಟುವಳ್ಳಿ ಅಕ್ಕ
ಇಲ್ಲಪ್ಪ, ದರ ಹೋಲಿಸೋದು ಹೇಗೆ ಅಂತ ಕೇಳಿದ್ದು.

ಕೋಟೆ ಊರಿನವಳು
ಗಾಳಿಯಾಡದ ಡಬ್ಬ, ಅದನ್ನು ಫ್ರಿಜ್‌ನಲ್ಲಿಡಿ. ಲವಂಗಕ್ಕಿಂತ ಅದು ಗ್ಯಾರಂಟಿ. ಮುಂದಕ್ಕೆ ಹೋಗೋಣ.

ಹರಿಹರ ಸೇತುವೆ
ಸರಿ, ಎಣಿಸಿ ನೋಡಿದಿರಿ ಅಂದುಕೊಳ್ಳೋಣ. ಆದರೂ ಬಿಡಿ ಮಾಲಿಗೆ ಜಿಎಸ್‌ಟಿ ಇಲ್ಲ, ಪ್ಯಾಕೆಟ್‌ಗೆ ಇದೆ. ಅದಕ್ಕೇ ಪ್ಯಾಕೆಟ್ ದುಬಾರಿ. ಯಾವಾಗಲೂ ಬಿಡಿಯೇ ಅಗ್ಗ.

ಹಳೇಪೇಟೆ ತಕ್ಕಡಿ
ಅಕ್ಕಿ ಬೇಳೆಗೆ ಹಾಗೆ ವ್ಯತ್ಯಾಸ ಇದೆ, ಅದನ್ನು ಇಲ್ಲಿಗೆ ತರಬೇಡಿ ತಮ್ಮಾ. ಗೋಡಂಬಿಗೆ ಬಿಡಿಯಾದರೂ ಪ್ಯಾಕಾದರೂ 5 ಪರ್ಸೆಂಟ್. ಬಾದಾಮಿ, ಪಿಸ್ತಾ 12ರಲ್ಲಿ ಇದ್ದವು, 2025ರ ಸೆಪ್ಟೆಂಬರ್ 22ರಿಂದ ಅವೂ 5ಕ್ಕೆ ಇಳಿದವು. ಬಿಲ್ ಕೊಡದೆ ಮಾರೋದು ಬೇರೆ ವಿಷಯ. ಪ್ಯಾಕೆಟ್ ದುಬಾರಿ ಆಗೋದು ಪ್ಯಾಕಿಂಗ್, ಸಾಗಣೆ, ಕಂಪನಿ, ಅಂಗಡಿ ಎಲ್ಲರ ಲಾಭ ಸೇರಿ. ಪ್ಯಾಕೆಟ್ ಚಿಕ್ಕದಾದಷ್ಟೂ ಅದು ಕೆಜಿ ಮೇಲೆ ಜಾಸ್ತಿ ಬೀಳುತ್ತೆ. ಅಕ್ಕನ ಪಟ್ಟಿಯಲ್ಲೇ ನೋಡಿ, 200 ಗ್ರಾಂನದ್ದು 1,250, ಅರ್ಧ ಕೆಜಿಯದ್ದು 1,090.

ಬಿಲ್ ನೋಡೋ ಬಸವ
ಪ್ಯಾಕೆಟ್ ಬಗ್ಗೆ ನನ್ನದೊಂದು ಮಾತು. ಈಗ ಪ್ಯಾಕೆಟ್ ಮೇಲೆ ಎಂಆರ್‌ಪಿ ಪಕ್ಕದಲ್ಲಿ ಯೂನಿಟ್ ದರವನ್ನೂ ಹಾಕಬೇಕು. ಒಂದು ಕೆಜಿಗಿಂತ ಕಡಿಮೆ ಇದ್ದರೆ ಗ್ರಾಂಗೆ ಎಷ್ಟು ಅಂತ ಇರುತ್ತೆ. 200 ಗ್ರಾಂ 250 ಅಂದರೆ "ಗ್ರಾಂಗೆ 1.25". ಓದುವಾಗ ಒಂದೂಕಾಲು ರೂಪಾಯಿ ಅಷ್ಟೇ ತಾನೇ ಅನಿಸುತ್ತೆ. ಸಾವಿರದಿಂದ ಗುಣಿಸಿ, ಕೆಜಿ ದರ ಬರುತ್ತೆ.

ಆದರೆ ಎಚ್ಚರಿಕೆ. ಆ ಯೂನಿಟ್ ದರ ಎಂಆರ್‌ಪಿ ಮೇಲೆ ಹಾಕಿರೋದು. ಅಕ್ಕ ಹೇಳಿದ ಅರ್ಧ ಕೆಜಿ ಪ್ಯಾಕೆಟ್ ಮೇಲೆ 1.28 ಅಂತ ಇರುತ್ತೆ, 640ನ್ನು 500ರಿಂದ ಭಾಗಿಸಿದ್ದು. ಆಫರ್ ದರ 545 ಆದರೆ ನಿಜವಾದದ್ದು 1.09. ಎರಡು ಕಂಪನಿಯ ಪ್ಯಾಕೆಟ್ ಹೋಲಿಸುವಾಗ ಒಂದರ ಆಫರ್ ದರ, ಇನ್ನೊಂದರ ಯೂನಿಟ್ ದರ ಇಟ್ಟು ನೋಡಿದರೆ ಲೆಕ್ಕ ತಪ್ಪುತ್ತೆ. ನಿಮ್ಮ ಕೈಯಿಂದ ಹೋಗುವ ದುಡ್ಡನ್ನು ನಿವ್ವಳ ತೂಕದಿಂದ ಭಾಗಿಸಿ.

ಹರಿಹರ ಸೇತುವೆ
ಅಷ್ಟು ಲೆಕ್ಕ ಹಾಕೋಕೆ ಸೂಪರ್ ಮಾರ್ಕೆಟ್‌ನಲ್ಲಿ ಯಾರಿಗೆ ಪುರುಸೊತ್ತು?

ಬಿಲ್ ನೋಡೋ ಬಸವ
ಎರಡು ಕೆಜಿ ಗೋಡಂಬಿಗೆ ಎರಡು ಸಾವಿರ ಕೊಡುವಾಗ ಎರಡು ನಿಮಿಷ ಪುರುಸೊತ್ತು ಮಾಡಿಕೊಳ್ಳಬೇಕು.

ನಿಟುವಳ್ಳಿ ಅಕ್ಕ
ತಕ್ಕಡಿ ಅಣ್ಣ ಹೇಳಿದ ಹಾಗೆ ಮಾಡಿದೆ. ಎರಡು ಬಿಡಿ ಅಂಗಡಿಯಲ್ಲೂ 100 ಗ್ರಾಂ ತಗೊಂಡೆ. ಹೇಗೂ ಬೇಕಲ್ಲ ಅಂತ ಅರ್ಧ ಕೆಜಿ ಪ್ಯಾಕೆಟ್ ಒಂದು ತಂದೆ. ಚಿಕ್ಕ ಪ್ಯಾಕೆಟ್ ಬಿಟ್ಟೆ, ಅದು ಹೇಗಿದ್ದರೂ ದುಬಾರಿ.

"ಎರಡು ನಲವತ್ತು" ಅಂದವರದ್ದು: 100 ಗ್ರಾಂನಲ್ಲಿ ಇಡೀ ಬೀಜ 97 ಗ್ರಾಂ, ಎಣಿಸಿದರೆ 50. ಚೂರು 3 ಗ್ರಾಂ.
"ಜಂಬೋ" ಅಂದವರದ್ದು: ಇಡೀ ಬೀಜ 89 ಗ್ರಾಂ, ಎಣಿಸಿದರೆ 61. ಚೂರು 11 ಗ್ರಾಂ.
ಪ್ಯಾಕೆಟ್‌ನಿಂದ ತೆಗೆದ 100 ಗ್ರಾಂ: ಇಡೀ ಬೀಜ 98 ಗ್ರಾಂ, 67 ಬೀಜ. ಚೂರು 2 ಗ್ರಾಂ.

ಈಗ ಇದನ್ನು ಏನು ಮಾಡೋದು?

ಹಳೇಪೇಟೆ ತಕ್ಕಡಿ
ಅಕ್ಕ, ಚೆನ್ನಾಗಿ ಮಾಡಿದ್ದೀರಿ. ಒಂದೊಂದಾಗಿ ನೋಡೋಣ.

ಮೊದಲನೆಯದು 97 ಗ್ರಾಂಗೆ 50 ಬೀಜ. 100 ಗ್ರಾಂಗೆ ಐವತ್ತೊಂದೂವರೆ. ಪೌಂಡಿಗೆ 234. ಅಂದರೆ 240ರ ಮಾಲೇ, ಅವರು ಹೇಳಿದ್ದು ನಿಜ.

ಎರಡನೆಯದು 89 ಗ್ರಾಂಗೆ 61. 100 ಗ್ರಾಂಗೆ ಅರುವತ್ತೆಂಟೂವರೆ. ಪೌಂಡಿಗೆ 311. ಅದು 320. ಜಂಬೋ ಅಲ್ಲ.

ಪ್ಯಾಕೆಟ್ ಕೂಡ ಹತ್ತಿರ ಹತ್ತಿರ ಅಷ್ಟೇ, ಪೌಂಡಿಗೆ 310. ಅದೂ 320.

ಹಾಗಾಗಿ ಜಂಬೋ ಅಂದವರನ್ನು ಪ್ಯಾಕೆಟ್ ಜೊತೆ ಹೋಲಿಸಬೇಕು. 240ರವರ ಜೊತೆ ಅಲ್ಲ. ಆದರೆ 980ಕ್ಕೆ 1,090 ಅಂತ ನೇರ ಹೋಲಿಸೋಕೂ ಆಗಲ್ಲ, ಯಾಕಂದರೆ ಬಿಡಿಯಲ್ಲಿ ಚೂರು 11 ಗ್ರಾಂ ಇದೆ. ಚೂರಿಗೆ ಬೇರೆ ದರ. ಅದನ್ನು ಕೆಜಿಗೆ 700 ಅಂತ ಇಟ್ಟುಕೊಳ್ಳೋಣ. ಒಂದು ಕೆಜಿ ಜಂಬೋದಲ್ಲಿ 110 ಗ್ರಾಂ ಚೂರು, ಬೆಲೆ 77. 980ರಲ್ಲಿ 77 ಕಳೆದರೆ 903. ಆ ದುಡ್ಡಿಗೆ ಸಿಕ್ಕಿದ್ದು 890 ಗ್ರಾಂ ಇಡೀ ಬೀಜ. ಕೆಜಿಗೆ ಹಾಕಿದರೆ 1,015.

ಪ್ಯಾಕೆಟ್‌ಗೂ ಹೀಗೇ ಮಾಡಿದರೆ 1,098 ಬರುತ್ತೆ. ಅಂದರೆ ಬಿಡಿ ಮಾಲು ಈಗಲೂ ಅಗ್ಗ. ಆದರೆ ವ್ಯತ್ಯಾಸ 110 ಅಲ್ಲ, 83.

ವಿದ್ಯಾನಗರ ಮೇಷ್ಟ್ರು
ಲೆಕ್ಕ ಸರಿ ಇದೆ, ನಾನೂ ಹಾಕಿ ನೋಡಿದೆ. ನನಗೊಂದು ಅನುಮಾನ. ಬರೀ 100 ಗ್ರಾಂ ತೂಗಿ ಇಡೀ ಮೂಟೆಗೆ ತೀರ್ಪು ಕೊಡಬಹುದಾ? ಮನೆ ತಕ್ಕಡಿ ಒಂದೆರಡು ಗ್ರಾಂ ಹೆಚ್ಚು ಕಮ್ಮಿ ತೋರಿಸುತ್ತೆ.

ಹಳೇಪೇಟೆ ತಕ್ಕಡಿ
ಒಳ್ಳೆ ಪ್ರಶ್ನೆ. 240 ಮತ್ತು 320 ನಡುವೆ ಅಂತರ ದೊಡ್ಡದು, 51 ಎಲ್ಲಿ, 68 ಎಲ್ಲಿ. ತಕ್ಕಡಿ ಒಂದೆರಡು ಗ್ರಾಂ ತಪ್ಪಿದರೂ ಗ್ರೇಡ್ ಬದಲಾಗಲ್ಲ. 210 ಮತ್ತು 240 ನಡುವೆ ಆದರೆ 46, 49 ಹೀಗೆ ಹತ್ತಿರ ಹತ್ತಿರ ಬರುತ್ತೆ. ಅಲ್ಲಿ 100 ಗ್ರಾಂ ಸಾಲದು, ಅರ್ಧ ಕೆಜಿ ಎಣಿಸಬೇಕು.

ಚೂರಿನ ಲೆಕ್ಕ ಮಾತ್ರ 100 ಗ್ರಾಂನಲ್ಲಿ ಪೂರ್ತಿ ನಂಬಬೇಡಿ. ಡಬ್ಬದ ಮೇಲ್ಭಾಗದಲ್ಲಿ ಇಡೀ ಬೀಜ, ತಳದಲ್ಲಿ ಚೂರು ಇರುತ್ತೆ. ಮೇಲಿಂದ ತೆಗೆದು ತೋರಿಸಿ ತಳದಿಂದ ಕೊಡುವವರೂ ಇದ್ದಾರೆ. ದೊಡ್ಡ ತೂಕ ತಗೊಳ್ಳುವಾಗ ಕೈ ಹಾಕಿ ಕೆಳಗಿಂದ ತೆಗೆಸಿ ನೋಡಿ.

ಶ್ರಾವಣ ಮಾಸ
ನಾನು ಬಿಡಿ ಗೋಡಂಬಿ ಹುರಿದು ಮತ್ತೆ ತೂಗಿದೆ. 100 ಗ್ರಾಂ ಇದ್ದದ್ದು 96 ಆಯಿತು. ನಾಲ್ಕು ಗ್ರಾಂ ನೀರು ಕುಡಿಸಿ ಮಾರುತ್ತಾರೆ. ಬಿಡಿ ಮಾಲೆಲ್ಲ ಮೋಸ. ಪ್ಯಾಕೆಟ್ ತಗೊಳ್ಳಿ.

ಹಳೇಪೇಟೆ ತಕ್ಕಡಿ
ಅದು ಮೋಸ ಅಲ್ಲ. ಒಳ್ಳೆ ಗೋಡಂಬಿಯಲ್ಲೂ 5 ಪರ್ಸೆಂಟ್‌ವರೆಗೆ ತೇವ ಇರುತ್ತೆ, ಅಷ್ಟು ಇರಬಹುದು ಅಂತ ಗ್ರೇಡಿನ ನಿಯಮದಲ್ಲೇ ಇದೆ. ಪ್ಯಾಕೆಟ್‌ನದ್ದನ್ನು ಹುರಿದು ತೂಗಿದರೂ ಇಳಿಯುತ್ತೆ.

ಮಳೆಗಾಲದಲ್ಲಿ ಬಾಯಿ ತೆರೆದ ಮೂಟೆ ಇಟ್ಟರೆ ಅದಕ್ಕಿಂತ ಜಾಸ್ತಿ ತೇವ ಎಳೆದುಕೊಳ್ಳುತ್ತೆ, ಅದು ನಿಜ. ಗುರುತಿಸೋದು ಸುಲಭ. ಬೀಜವನ್ನು ಎರಡು ಬೆರಳಲ್ಲಿ ಮುರಿಯಿರಿ. ಟಕ್ ಅಂತ ಮುರಿದರೆ ಸರಿ. ಬಾಗಿ, ರಬ್ಬರಿನ ಹಾಗೆ ಹರಿದರೆ ತಗೊಳ್ಳಬೇಡಿ. ಅದು ತೂಕಕ್ಕೆ ನಷ್ಟ, ಬೇಗ ಕೆಡುತ್ತೆ ಕೂಡ.

ಶ್ರಾವಣ ಮಾಸ
ಹುರಿದಾಗ ಇಳಿಯೋದು ಸಹಜ ಅಂತ ಒಪ್ಪುತ್ತೇನೆ. ಆದರೆ ಕವರ್, ಡಬ್ಬದ ತೂಕ ಸೇರಿಸಿ ಕೊಡ್ತಾರಲ್ಲ, ಅದಕ್ಕೆ ಏನು ಹೇಳುತ್ತೀರಿ?

ಬಿಲ್ ನೋಡೋ ಬಸವ
ಅದಕ್ಕೆ ಹೇಳೋದು ಒಂದೇ. ಖಾಲಿ ಡಬ್ಬ ಇಟ್ಟು ತಕ್ಕಡಿ ಸೊನ್ನೆ ಮಾಡಿಸಿ, ಆಮೇಲೆ ಹಾಕಿಸಿ. ಗಿಫ್ಟ್ ಡಬ್ಬ ಅಂತ ದಪ್ಪ ರಟ್ಟಿನದ್ದು ಇರುತ್ತಲ್ಲ, ಅದರ ಸಮೇತ ತೂಗಿದರೆ ಗೋಡಂಬಿ ದರಕ್ಕೆ ರಟ್ಟು ಕೊಂಡ ಹಾಗೆ. ಪ್ಯಾಕೆಟ್‌ನಲ್ಲಿ ನಿವ್ವಳ ತೂಕ ಅಂದರೆ ಒಳಗಿನ ಮಾಲಿನ ತೂಕ ಮಾತ್ರ, ಅದು ಕಾನೂನು. ಬಿಡಿಯಲ್ಲಿ ನಾವೇ ನೋಡಿಕೊಳ್ಳಬೇಕು.

ಡಿಸಿಎಂ ಟೌನ್‌ಶಿಪ್ ಅಮ್ಮ
ನನ್ನ ಕಥೆ ಪಿಸ್ತಾದ್ದು. ಸಿಪ್ಪೆ ಇರೋ ಉಪ್ಪಿನ ಪಿಸ್ತಾ ಕೆಜಿಗೆ 1,100, ಸಿಪ್ಪೆ ಇಲ್ಲದ್ದು 1,900 ಅಂದರು. 800 ಉಳಿಯುತ್ತೆ ಅಂತ ಸಿಪ್ಪೆ ಇದ್ದದ್ದೇ ತಂದೆವು. ಮಗ ಕೂತು 200 ಗ್ರಾಂ ಸುಲಿದು ತೂಗಿದ. ಬೀಜ 104 ಗ್ರಾಂ. ಬೀಜದ ಲೆಕ್ಕಕ್ಕೆ ಕೆಜಿಗೆ 2,100 ಮೇಲೆ ಬಿತ್ತು! ಬಾಯಿ ಬಿಡದ ಪಿಸ್ತಾ ಬೇರೆ ಇದ್ದವು, ಅವನ್ನು ಒಡೆಯೋಕೂ ಆಗಲ್ಲ. ತಿನ್ನೋಕೆ ಮಜಾ, ಪಾಯಸಕ್ಕೆ ಹಾಕೋಕೆ ಸುಲಿದದ್ದೇ ಅಗ್ಗ.

ಕೋಟೆ ಊರಿನವಳು
ಅಕ್ರೋಟ್‌ಗೂ ಇದೇ ಲೆಕ್ಕ. ಸಿಪ್ಪೆ ಸಮೇತ ತಗೊಂಡರೆ ಒಳಗೆ ಅರ್ಧಕ್ಕಿಂತ ಕಡಿಮೆಯೇ ಸಿಗೋದು.

ವಿದ್ಯಾನಗರ ಮೇಷ್ಟ್ರು
ಮತ್ತೆ ಗೋಡಂಬಿಗೆ ಬರೋಣ. ನಾನು ಮಂಗಳೂರು ಗೋಡಂಬಿ ಅಂತ ಕೇಳಿಯೇ ತಗೊಳ್ಳೋದು. ಹೊರದೇಶದ್ದು ಬೇಡ. ನಮ್ಮ ನೆಲದ ರುಚಿಯೇ ಬೇರೆ.

ಹಳೇಪೇಟೆ ತಕ್ಕಡಿ
ಮೇಷ್ಟ್ರೇ, ಮಂಗಳೂರು, ಕಾರ್ಕಳ ಕಡೆ ಕಾರ್ಖಾನೆಯಲ್ಲಿ ಸುಲಿದು ಗ್ರೇಡ್ ಮಾಡಿದ್ದು ಅನ್ನೋ ಅರ್ಥದಲ್ಲಿ ಅದು ಮಂಗಳೂರಿನದ್ದೇ. ಆದರೆ ಆ ಕಾರ್ಖಾನೆಗಳಿಗೆ ಬೇಕಾದಷ್ಟು ಹಸಿ ಗೇರುಬೀಜ ನಮ್ಮ ದೇಶದಲ್ಲಿ ಬೆಳೆಯಲ್ಲ. ಐವರಿ ಕೋಸ್ಟ್, ಬೆನಿನ್, ಘಾನಾ, ಟಾಂಜಾನಿಯಾದಿಂದ ಹಡಗಿನಲ್ಲಿ ಬರುತ್ತೆ. ನೀವು ತಿಂದ ಬೀಜ ಯಾವ ಮರದ್ದು ಅಂತ ಅಂಗಡಿಯವರಿಗೂ ಗೊತ್ತಿರಲ್ಲ. "ಮಂಗಳೂರು" ಅಂದರು ಅಂತ ಕೆಜಿಗೆ ನೂರು ಜಾಸ್ತಿ ಕೊಡಬೇಡಿ.

ವಿದ್ಯಾನಗರ ಮೇಷ್ಟ್ರು
ಪುತ್ತೂರಿನಲ್ಲಿ ನಮ್ಮ ಬೀಗರ ತೋಟ ಇದೆ. ಅವರ ಮನೆಯಲ್ಲಿ ಸುಲಿದ ಬೀಜ ತಿಂದಿದ್ದೇನೆ. ಅಂಗಡಿಯದ್ದಕ್ಕೆ ಆ ಸಿಹಿ ಇಲ್ಲ. ಇದನ್ನು ನಾನು ಒಪ್ಪಲ್ಲ.

ಹಳೇಪೇಟೆ ತಕ್ಕಡಿ
ತೋಟದಿಂದ ನೇರ ಬಂದ ಹೊಸ ಬೀಜಕ್ಕೆ ರುಚಿ ಇರುತ್ತೆ, ಅದನ್ನು ನಾನೂ ಒಪ್ಪುತ್ತೇನೆ. ಅದು ಊರಿನಿಂದಲೋ, ಹೊಸದು ಅನ್ನೋ ಕಾರಣಕ್ಕೋ ಅಂತ ಹೇಳೋದು ಕಷ್ಟ.

ಹರಿಹರ ಸೇತುವೆ
ಹಾಗಾದರೆ ಊರಿನ ಹೆಸರಿಗೆ ಬೆಲೆಯೇ ಇಲ್ವಾ?

ಹಳೇಪೇಟೆ ತಕ್ಕಡಿ
ಬಾದಾಮಿಯಲ್ಲಿ ಇದೆ. ಅಲ್ಲಿ ಊರು ಬದಲಾದರೆ ಮಾಲೇ ಬದಲಾಗುತ್ತೆ. ಕ್ಯಾಲಿಫೋರ್ನಿಯಾದ್ದು ಚಪ್ಪಟೆ, ನಯ, ಎಲ್ಲವೂ ಒಂದೇ ಅಳತೆ. ಮಮ್ರಾ ಇರಾನ್, ಅಫ್ಘಾನಿಸ್ತಾನದ್ದು. ಒಂದರ ಹಾಗೆ ಇನ್ನೊಂದು ಇರಲ್ಲ, ಸ್ವಲ್ಪ ಬಾಗಿರುತ್ತೆ, ಎಣ್ಣೆ ಅಂಶ ಜಾಸ್ತಿ. ಗುರ್ಬಂದಿ ಅಫ್ಘಾನಿಸ್ತಾನದ್ದು, ಚಿಕ್ಕದು, ಗುಂಡಗೆ. ಅದರಲ್ಲಿ ಮಧ್ಯೆ ಮಧ್ಯೆ ಕಹಿ ಬೀಜ ಬರುತ್ತೆ, ಮಕ್ಕಳಿಗೆ, ಬಾಣಂತಿಗೆ ಕೊಡುವಾಗ ಕಹಿಯಾದದ್ದನ್ನು ಉಗಿದುಬಿಡಬೇಕು.

ಬಾದಾಮಿಗೂ ಎಣಿಕೆ ಲೆಕ್ಕ ಇದೆ, ಆದರೆ ಅದು ಪೌಂಡಿಗಲ್ಲ, ಔನ್ಸಿಗೆ. 23/25 ಅಂದರೆ ಔನ್ಸಿಗೆ 23ರಿಂದ 25 ಬೀಜ. ಔನ್ಸ್ ಅಂದರೆ 28 ಗ್ರಾಂ ಚಿಲ್ಲರೆ. ನಮಗೆ ಬೇಕಾದ ಹಾಗೆ ಹೇಳಬೇಕಂದರೆ 100 ಗ್ರಾಂಗೆ 81ರಿಂದ 88. ಇನ್ನೂ ಚಿಕ್ಕದಾದ 27/30ಕ್ಕೆ 95ರಿಂದ 106.

ನಿಟುವಳ್ಳಿ ಅಕ್ಕ
ನಾನು ತಂದ ಕ್ಯಾಲಿಫೋರ್ನಿಯಾ ಬಾದಾಮಿ ಎಣಿಸಿದೆ, 100 ಗ್ರಾಂಗೆ 84 ಇದೆ. ಸರಿ ಹಾಗಾದರೆ. ಒಬ್ಬರು "ಮಮ್ರಾ, ಬಾಣಂತಿಗೆ ಇದೇ ಕೊಡಬೇಕು" ಅಂತ 1,400 ಹೇಳಿದರು. ತಗೊಳ್ಳಲಾ?

ಹಳೇಪೇಟೆ ತಕ್ಕಡಿ
ನಾನು ನೋಡಿದ ಮಟ್ಟಿಗೆ ನಿಜವಾದ ಮಮ್ರಾಗೆ ಕ್ಯಾಲಿಫೋರ್ನಿಯಾದ ದರದ ಎರಡು ಪಟ್ಟಿಗಿಂತ ಕಡಿಮೆ ಇರಲ್ಲ. 1,400ಕ್ಕೆ ಕೊಡುತ್ತಿದ್ದಾರೆ ಅಂದರೆ ಗುರ್ಬಂದಿ ಇರಬಹುದು, ಇಲ್ಲ ಮಿಕ್ಸ್ ಇರಬಹುದು.

ಬಿಲ್ ನೋಡೋ ಬಸವ
ಇಲ್ಲ ಅಣ್ಣ, ಮಮ್ರಾದಲ್ಲೇ ಕೆಳಗಿನ ಗ್ರೇಡ್ ಬರುತ್ತೆ. ಚಿಕ್ಕದು, ಸುಕ್ಕು ಜಾಸ್ತಿ. ಹುಬ್ಬಳ್ಳಿಯಲ್ಲಿ ಆ ದರಕ್ಕೆ ನೋಡಿದ್ದೇನೆ. ನೋಡದೆ ಮಿಕ್ಸ್ ಅನ್ನೋದು ಸರಿಯಲ್ಲ.

ಹಳೇಪೇಟೆ ತಕ್ಕಡಿ
ಇರಬಹುದು. ಆದರೆ ಕೆಳಗಿನ ಗ್ರೇಡ್‌ಗೆ 1,400 ಕೊಡೋದಕ್ಕಿಂತ ಒಳ್ಳೆ ಕ್ಯಾಲಿಫೋರ್ನಿಯಾ ತಗೊಳ್ಳೋದು ವಾಸಿ ಅನ್ನೋದು ನನ್ನ ಅಭಿಪ್ರಾಯ. ಪುಡಿ ಮಾಡಿ ಉಂಡೆಗೆ ಹಾಕೋದಕ್ಕಂತೂ ಮಮ್ರಾ ಬೇಡ.

ಹೊಳಲ್ಕೆರೆ ಗೌಡ್ರು
ಉತ್ತತ್ತಿ ಬಗ್ಗೆ ಯಾರೂ ಮಾತಾಡಲಿಲ್ಲ. ಅದರ ದರ ಯಾಕೆ ಹೀಗೆ ಏರಿದೆ? ಮೊದಲೆಲ್ಲ ಉತ್ತತ್ತಿ ಅಂದರೆ ಬಡವರ ಡ್ರೈ ಫ್ರೂಟ್.

ಹಳೇಪೇಟೆ ತಕ್ಕಡಿ
ಗೌಡ್ರೇ, ನಮಗೆ ಬರುತ್ತಿದ್ದ ಉತ್ತತ್ತಿಯಲ್ಲಿ ಬಹಳಷ್ಟು ಪಾಕಿಸ್ತಾನದ್ದು. 2019ರ ಫೆಬ್ರವರಿಯಲ್ಲಿ ಅಲ್ಲಿಂದ ಬರುವ ಮಾಲಿಗೆ 200 ಪರ್ಸೆಂಟ್ ಸುಂಕ ಹಾಕಿದರು. 2025ರ ಮೇನಲ್ಲಿ ಆಮದನ್ನೇ ಪೂರ್ತಿ ನಿಲ್ಲಿಸಿದರು. ದಾರಿ ಮುಚ್ಚಿದರೆ ದರ ಏರದೆ ಇರುತ್ತಾ? ಉತ್ತತ್ತಿ ಹೋಲಿಸುವಾಗ ನಾಲ್ಕನ್ನು ಒಡೆದು ನೋಡಿ. ಬೀಜ ದಪ್ಪ, ತಿರುಳು ತೆಳು ಇದ್ದರೆ ಅಗ್ಗ ಸಿಕ್ಕಿದರೂ ಅಗ್ಗ ಅಲ್ಲ. ಒಳಗೆ ಕಪ್ಪು ಪುಡಿ ಇದ್ದರೆ ಹುಳ ಹಿಡಿದಿದೆ.

ಹೊಳಲ್ಕೆರೆ ಗೌಡ್ರು
ಒಣದ್ರಾಕ್ಷಿ? ಹಸಿರು, ಹಳದಿ ಎರಡು ದರ ಹೇಳ್ತಾರೆ.

ಶ್ರಾವಣ ಮಾಸ
ಹಸಿರು ಅಂದರೆ ಬೇರೆ ದ್ರಾಕ್ಷಿ, ಅಫ್ಘಾನಿಸ್ತಾನದ್ದು.

ಕೋಟೆ ಊರಿನವಳು
ಎಲ್ಲವೂ ಅಲ್ಲ. ನಮ್ಮ ತವರು ವಿಜಯಪುರದ ಕಡೆ. ಅಲ್ಲಿ ಥಾಮ್ಸನ್ ದ್ರಾಕ್ಷಿಯಲ್ಲೇ ಎರಡೂ ಮಾಡುತ್ತಾರೆ. ನೆರಳಿನ ಶೆಡ್‌ನಲ್ಲಿ ಬಲೆ ಮೇಲೆ ಹರಡಿ ಒಣಗಿಸಿದರೆ ಹಸಿರು ಉಳಿಯುತ್ತೆ. ಗಂಧಕದ ಹೊಗೆ ಕೊಟ್ಟರೆ ಹೊಳೆಯುವ ಹಳದಿ ಬರುತ್ತೆ. ಮಾಲು ತಾಸಗಾಂವ್, ಸಾಂಗ್ಲಿ ಹರಾಜಿಗೂ ಹೋಗುತ್ತೆ. ಅಲ್ಲಿಂದ ಪ್ಯಾಕೆಟ್‌ನಲ್ಲಿ ಬೇರೆ ಹೆಸರಿಂದ ನಮ್ಮೂರಿಗೇ ವಾಪಸ್ ಬರುತ್ತೆ. ಒಣದ್ರಾಕ್ಷಿ ಮಾತ್ರ ನಾನು ಬಿಡಿಯೇ ತಗೊಳ್ಳೋದು. ಕೈಯಲ್ಲಿ ಹಿಡಿದು ಗಟ್ಟಿಯಾಗಿ ಒತ್ತಿ ಬಿಟ್ಟರೆ ಮತ್ತೆ ಬಿಡಿಬಿಡಿಯಾಗಬೇಕು. ಮುದ್ದೆಯಾಗಿ ಅಂಟಿಕೊಂಡರೆ ತೇವ ಜಾಸ್ತಿ.

ದೋಸೆ ಪ್ರಿಯ
ಅಂಟಿನುಂಡೆ ಮಾಡಿದ ಮೇಲೆ ಈ ಕಡೆ ನಾಲ್ಕು ಕಳಿಸಿ ಅಕ್ಕ.

ಹಳೇಪೇಟೆ ತಕ್ಕಡಿ
ಅಕ್ಕ, ಉಂಡೆ ಅಂದಾಗ ನೆನಪಾಯಿತು, ಮುಖ್ಯವಾದ್ದನ್ನು ಕೇಳುತ್ತೇನೆ. ಉಂಡೆಗೆ ಇಡೀ ಗೋಡಂಬಿ ಯಾಕೆ? ಹೇಗೂ ತುಪ್ಪದಲ್ಲಿ ಹುರಿದು ತರಿತರಿ ಕುಟ್ಟುತ್ತೀರಿ. ಅದಕ್ಕೆ ಹೋಳು ಸಾಕು. ಮಂಡಿಯಲ್ಲಿ ಜೆಎಚ್ ಅಂತ ಕೇಳಿದರೆ ಕೊಡುತ್ತಾರೆ. ಅದೇ ಬೀಜ, ಉದ್ದಕ್ಕೆ ಎರಡಾಗಿ ಬಿಚ್ಚಿಕೊಂಡದ್ದು ಅಷ್ಟೇ. 240 ಕೊಟ್ಟ ಅಂಗಡಿಯಲ್ಲೇ ಅದರ ದರ ಕೇಳಿ ನೋಡಿ. ಅವರ ಮಾತು ಎಣಿಕೆಯಲ್ಲಿ ಸರಿ ಬಂದಿದೆ, ಹಾಗಾಗಿ ಅವರ ಹೋಳನ್ನೂ ನಂಬಬಹುದು. ಬಣ್ಣ ಬಿಳಿ ಇರಲಿ, ಮುರಿದರೆ ಟಕ್ ಅನ್ನಲಿ, ಬಾಯಿಗೆ ಹಾಕಿದರೆ ಕಮಟು ವಾಸನೆ ಇರಬಾರದು. ಹೋಳು ಬೇಗ ಕಮಟಾಗುತ್ತೆ, ಗಾಳಿ ತಾಗುವ ಜಾಗ ಜಾಸ್ತಿ ಅಲ್ವಾ.

ನಿಟುವಳ್ಳಿ ಅಕ್ಕ
ಕೇಳಿದೆ ಅಣ್ಣ. ಹೋಳು 800 ಅಂದರು. ತಿಂದು ನೋಡಿದೆ, ಹೊಸ ಮಾಲು. ಎರಡು ಕೆಜಿ 240 ತಗೊಂಡಿದ್ದರೆ 2,240 ಆಗುತ್ತಿತ್ತು. ಈಗ ಒಂದು ಕೆಜಿ ಹೋಳು, ತಟ್ಟೆಗೆ ಒಂದು ಕೆಜಿ 240, ಒಟ್ಟು 1,920. 320 ರೂಪಾಯಿ ಉಳಿಯಿತು. ತಂದಿರುವ ಅರ್ಧ ಕೆಜಿ ಪ್ಯಾಕೆಟ್ ಪಾಯಸಕ್ಕೆ ಆಗುತ್ತೆ.

ಜಂಬೋ ಅಂದವರ ಹತ್ತಿರ ಹೋಗಿ ನನ್ನ ಲೆಕ್ಕ ತೋರಿಸಿದೆ. "ಡಬ್ಬದ ತಳದ್ದು ಬಂದಿರಬೇಕು, 940ಕ್ಕೆ ತಗೊಳ್ಳಿ" ಅಂದರು. ಜಂಬೋ ಯಾಕೆ ಅಂದಿರಿ ಅಂದರೆ ಉತ್ತರ ಇಲ್ಲ.

ಹರಿಹರ ಸೇತುವೆ
940ಕ್ಕೆ 320 ಅಂದರೆ ಒಳ್ಳೇದೇ ಅಲ್ವಾ? ನನ್ನ ಲೆಕ್ಕದಲ್ಲಿ ಇಡೀ ಬೀಜಕ್ಕೆ 970 ಬೀಳುತ್ತೆ.

ಬಿಲ್ ನೋಡೋ ಬಸವ
970 ಸರಿ, 11 ಪರ್ಸೆಂಟ್ ಚೂರು ಅಷ್ಟೇ ಇದ್ದರೆ. ಅವರೇ ತಳದ್ದು ಅಂತ ಹೇಳಿದ ಮೇಲೆ ಮುಂದಿನ ಕೆಜಿಯಲ್ಲಿ ಎಷ್ಟು ಚೂರು ಬರುತ್ತೆ ಅಂತ ತಟ್ಟೆ ಮೇಲೆ ಸುರಿಸಿ ನೋಡಿಯೇ ದುಡ್ಡು ಕೊಡಿ.

ಡಿಸಿಎಂ ಟೌನ್‌ಶಿಪ್ ಅಮ್ಮ
ಅಕ್ಕ, ಹೋಳು ಕೊಟ್ಟ ಅಂಗಡಿ ಮಂಡಿಪೇಟೆಯಲ್ಲಿ ಯಾವ ಕಡೆ ಬರುತ್ತೆ? ನಮ್ಮ ಮನೆಯಲ್ಲೂ ಮುಂದಿನ ತಿಂಗಳು ಸೀಮಂತ ಇದೆ.

ನಿಟುವಳ್ಳಿ ಅಕ್ಕ
ಮೆಸೇಜ್ ಮಾಡಿದ್ದೇನೆ ನೋಡಿ. ಬೆಳಿಗ್ಗೆ ಹನ್ನೊಂದರ ಒಳಗೆ ಹೋಗಿ, ಆಮೇಲೆ ರಶ್ ಆದರೆ ಕೆಳಗಿಂದ ತೆಗೆದು ತೋರಿಸೋಕೆ ಅವರಿಗೆ ಪುರುಸೊತ್ತು ಇರಲ್ಲ.